ಆಪಾಳ ತೋಳಿಗೆ ಹಾಕಿದ ಲಸಿಕೆ ಮಗುವನ್ನು ಕಾಯುವುದು ಹೇಗೆ?

ನನ್ನ ಆಪಾ ಎರಡನೇ ಸಲ ಗರ್ಭಿಣಿ. ಕಳೆದ ತಿಂಗಳು ಗಣೇಶಗುಡಿಯ ನಮ್ಮ ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ, "ಗುರುವಾರ ಬಂದು ಟಿಡಿ ಹಾಕಿಸಿಕೊಳ್ಳಿ" ಎಂದರು. ನಾನಿಗೆ ಗಾಬರಿ. "ಹೊಟ್ಟೆಯಲ್ಲಿ ಕೂಸಿರುವಾಗ ಸೂಜಿ ಯಾಕೆ?" ಎಂದು ಕೇಳಿದರು. ಆಪಾಳ ಜೊತೆ ನಾನೂ ಹೋಗಿ, ಸಿಸ್ಟರ್ ಹತ್ತಿರ ಅದೇ ಪ್ರಶ್ನೆ ಕೇಳಿದೆ.

ಟಿಡಿ ಎಂದರೆ ಧನುರ್ವಾಯು ಮತ್ತು ಗಂಟಲುಮಾರಿ ರೋಗಗಳ ವಿರುದ್ಧದ ಲಸಿಕೆ. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಯಲ್ಲಿ ಇರುತ್ತದೆ. ಹೊಕ್ಕುಳಬಳ್ಳಿಯನ್ನು ಶುದ್ಧವಲ್ಲದ ಬ್ಲೇಡಿನಿಂದ ಕತ್ತರಿಸಿದರೆ ಅಥವಾ ಅದಕ್ಕೆ ಏನಾದರೂ ಬಳಿದರೆ ರೋಗಾಣು ಒಳಸೇರಬಹುದು. ಮೊದಲ ಎರಡು ದಿನ ಚೆನ್ನಾಗಿಯೇ ಹಾಲು ಕುಡಿದ ಕೂಸು, ಮೂರನೇ ದಿನದ ನಂತರ ದವಡೆ ಬಿಗಿದು ಹಾಲು ಚೀಪಲಾರದೆ, ಮೈ ಸೆಟೆದುಕೊಳ್ಳುತ್ತದೆ. ಮಗುವಿನ ಸ್ವಂತ ಧನುರ್ವಾಯು ಲಸಿಕೆ ಆರಂಭವಾಗುವುದು 6ನೇ ವಾರಕ್ಕೆ. ಅಲ್ಲಿಯವರೆಗೆ ಕಾಯುವುದು ತಾಯಿಯ ಪ್ರತಿಕಾಯಗಳೇ.

ನಾವು ಜೀವಶಾಸ್ತ್ರದಲ್ಲಿ ಓದುವ ಐಜಿಜಿ ಪ್ರತಿಕಾಯ ಮಾಸು, ಅಂದರೆ ಪ್ಲಾಸೆಂಟಾ, ದಾಟಿ ಮಗುವಿನ ರಕ್ತ ಸೇರುತ್ತದೆ. ಹೆಚ್ಚಿನ ಪಾಲು ಸೇರುವುದು ಗರ್ಭದ ಕೊನೆಯ ವಾರಗಳಲ್ಲಿ. ಹಾಗಾಗಿ ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಈ ರಕ್ಷಣೆ ಕಡಿಮೆ. ದಾಟಿಬಂದ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕರಗಿಹೋಗುವುದರಿಂದ ಮಗುವಿಗೆ ಅದರದೇ ಲಸಿಕೆಗಳೂ ಬೇಕು.

ಗರ್ಭಿಣಿ ಎಂದು ತಿಳಿದ ಕೂಡಲೇ ಟಿಡಿಯ ಮೊದಲ ಡೋಸ್, 4 ವಾರದ ನಂತರ ಎರಡನೆಯದು ಎಂಬುದು ನಿಯಮ. ಸಿಸ್ಟರ್ ಆಪಾಳ ಹಳೆಯ ತಾಯಿ ಕಾರ್ಡ್ ನೋಡಿದರು. ಎರಡೂವರೆ ವರ್ಷದ ಹಿಂದೆ, ಮೊದಲ ಬಸಿರಿನಲ್ಲಿ, ಎರಡೂ ಡೋಸ್ ಆಗಿದ್ದವು. ಮೂರು ವರ್ಷ ದಾಟಿರದ ಕಾರಣ ಒಂದೇ ಬೂಸ್ಟರ್ ಸಾಕಾಯಿತು. 36 ವಾರದೊಳಗೆ ಹಾಕಿಸುವುದು ಒಳ್ಳೆಯದು. ತಡವಾಗಿ ಬಂದರೂ ಹಾಕದೆ ಕಳಿಸುವುದಿಲ್ಲ.

"ನನಗೆ ರುಬೆಲ್ಲಾ ಲಸಿಕೆ ಆದ ನೆನಪಿಲ್ಲ, ಅದನ್ನೂ ಹಾಕಿಬಿಡಿ" ಎಂದಳು ಆಪಾ. ಸಿಸ್ಟರ್ ಒಪ್ಪಲಿಲ್ಲ. ಟಿಡಿಯಲ್ಲಿ ರೋಗಾಣುವೇ ಇಲ್ಲ, ನಿರ್ವಿಷಗೊಳಿಸಿದ ಅದರ ವಿಷ ಮಾತ್ರ ಇರುತ್ತದೆ. ಆದರೆ ದಡಾರ-ರುಬೆಲ್ಲಾ ಮತ್ತು ಸಿಡುಬೆ ಲಸಿಕೆಗಳಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಅದು ಭ್ರೂಣವನ್ನು ತಲುಪಬಹುದೆಂಬ ಎಚ್ಚರಿಕೆಯಿಂದ ಗರ್ಭಿಣಿಯರಿಗೆ ಕೊಡುವುದಿಲ್ಲ. ಹೆರಿಗೆಯ ನಂತರ, ಹಾಲೂಡಿಸುವಾಗಲೂ, ಹಾಕಿಸಿಕೊಳ್ಳಬಹುದು. ಗರ್ಭ ನಿಂತದ್ದು ತಿಳಿಯದೆ ಹಾಕಿಸಿಕೊಂಡವರು ಗಾಬರಿಯಾಗಬೇಕಿಲ್ಲ, ವೈದ್ಯರಿಗೆ ಹೇಳಿದರೆ ಸಾಕು. ಜೀವಂತ ವೈರಸ್ ಇಲ್ಲದ ಫ್ಲೂ ಲಸಿಕೆಯನ್ನು ಮಾತ್ರ ಗರ್ಭಿಣಿಯರಿಗೆ ಕೊಡಬಹುದು.

ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಹಾಗಂತ ಮಣ್ಣಿನಲ್ಲಿರುವ ರೋಗಾಣು ಹೋಗಿಲ್ಲ. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಕಾರ್ಡನ್ನು ಜೋಪಾನವಾಗಿಡು" ಎಂದರು.