ಅನುಪಾತ ಎರಡಿದ್ದರೂ ಕೈಯಲ್ಲಿ ಕಾಸಿಲ್ಲ

ಪ್ರಶ್ನೆ: ಸಣ್ಣ ಕಂಪನಿಯೊಂದರ ಚಾಲ್ತಿ ಅನುಪಾತ 2 ಇದ್ದರೂ ಸಂಬಳ ಕೊಡಲು ಅದು ಪರದಾಡುವುದೇಕೆ?

ಒಂದು ವರ್ಷದೊಳಗೆ ನಗದಾಗಬಹುದಾದ ಚಾಲ್ತಿ ಆಸ್ತಿಯನ್ನು, ಅದೇ ಅವಧಿಯಲ್ಲಿ ತೀರಿಸಬೇಕಾದ ಚಾಲ್ತಿ ಹೊಣೆಯಿಂದ ಭಾಗಿಸಿದರೆ ಚಾಲ್ತಿ ಅನುಪಾತ ಸಿಗುತ್ತದೆ. ಆಸ್ತಿ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ. ಯಾವಾಗ ಹಣವಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ತೊಟ್ಟಿ ತುಂಬಿದ್ದರೂ ನಲ್ಲಿ ಹನಿಹನಿಯಾಗಿ ತೊಟ್ಟಿಕ್ಕಿದರೆ ಕೊಡ ತುಂಬದು.

ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಗ್ರಾಹಕರಿಂದ ಬರಬೇಕಾದ ಬಾಕಿ 45 ಲಕ್ಷ, ದಾಸ್ತಾನು 12 ಲಕ್ಷ, ನಗದು 3 ಲಕ್ಷ. ಒಟ್ಟು 60 ಲಕ್ಷ ರೂಪಾಯಿ. ಹೊಣೆ 30 ಲಕ್ಷ. ಅನುಪಾತ 2. ಆದರೆ ವರ್ಷದ ಸಾಲದ ಮಾರಾಟ 150 ಲಕ್ಷ. ಬಾಕಿಯನ್ನು ಇದರಿಂದ ಭಾಗಿಸಿ 365ರಿಂದ ಗುಣಿಸಿದರೆ ವಸೂಲಿ ಅವಧಿ ಸುಮಾರು 110 ದಿನ.

ಗ್ರಾಹಕರಿಗೆ ಕೊಟ್ಟ ಗಡುವು 45 ದಿನವೇ ಆಗಿದ್ದರೆ ಬಾಕಿ ಸುಮಾರು 18.5 ಲಕ್ಷ ಇರಬೇಕಿತ್ತು. ಉಳಿದ 26.5 ಲಕ್ಷ ಗಡುವು ಮೀರಿದ ಹಣ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಅನುಪಾತ 1.1ಕ್ಕೆ ಇಳಿಯುತ್ತದೆ. ಅಂದರೆ ವಸೂಲಾಗದ ಬಾಕಿಯೇ ಅನುಪಾತವನ್ನು ಉಬ್ಬಿಸಿತ್ತು.

ಆದರೆ ವರ್ಷಾಂತ್ಯದಲ್ಲಿ ದೊಡ್ಡ ಮಾರಾಟವಾಗಿದ್ದರೂ ವಸೂಲಿ ಅವಧಿ ಹೆಚ್ಚು ಕಾಣುತ್ತದೆ. ಯಾವ ಬಿಲ್ಲು ಎಷ್ಟು ದಿನ ಹಳೆಯದು ಎಂಬ ಪಟ್ಟಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.