ತಪ್ಪು ಉತ್ತರ ಯಾವ ಪ್ರಶ್ನೆಯದು?

ನಮ್ಮಕ್ಕ ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಇದು ಎರಡನೇ ಪ್ರಯತ್ನ. ಹೋದ ಸಲ ತಪ್ಪು ಉತ್ತರಗಳಿಗೆ ಕಾಲು ಕಾಲು ಅಂಕ ಕಳೆದೇ ಹಿಂದೆ ಬಿದ್ದಿದ್ದಳು. ಎಂಜಿನಿಯರಿಂಗ್ ಓದುತ್ತಿರುವ ತಮ್ಮ ಅಂತ ಗಣಿತ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಸಂಜೆ ಬಂದ ಪ್ರಶ್ನೆ ಇದು: 150 ಮೀಟರ್ ಉದ್ದದ ರೈಲು 250 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನು 20 ಸೆಕೆಂಡಿನಲ್ಲಿ ಪೂರ್ತಿ ದಾಟುತ್ತದೆ. ವೇಗ ಗಂಟೆಗೆ ಎಷ್ಟು ಕಿ.ಮೀ.? ಆಯ್ಕೆಗಳು 20, 27, 45, 72. ಅಕ್ಕ 45 ಎಂದಳು. ‘ರೈಲಿನ ಉದ್ದವನ್ನೂ ಸೇರಿಸಬೇಕು ಕಣೇ. 400 ಮೀಟರಿಗೆ 20 ಸೆಕೆಂಡು, ಅಂದರೆ ಸೆಕೆಂಡಿಗೆ 20 ಮೀಟರ್. 18ರಿಂದ ಗುಣಿಸಿ 5ರಿಂದ ಭಾಗಿಸಿದರೆ 72’ ಎಂದು ಹೇಳಿ ಮುಗಿಸಿದೆ.

ಮುಂದಿನ ವಾರ ಇನ್ನೊಂದು ಪ್ರಶ್ನೆ. 180 ಮೀಟರ್ ರೈಲು ಸೆಕೆಂಡಿಗೆ 15 ಮೀಟರ್ ಓಡುತ್ತಿದೆ. ಕಿಟಕಿ ಪಕ್ಕ ಕೂತವನಿಗೆ 300 ಮೀಟರ್ ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಹೊತ್ತು? ಅಕ್ಕ ಧೈರ್ಯವಾಗಿ ಎರಡೂ ಉದ್ದ ಸೇರಿಸಿ 32 ಸೆಕೆಂಡು ಎಂದಳು. ಸರಿ ಉತ್ತರ 20. ಪ್ರಯಾಣಿಕನ ಕಣ್ಣಿನ ಮುಂದೆ ಹಾದುಹೋಗುವುದು ಪ್ಲಾಟ್‌ಫಾರ್ಮ್ ಮಾತ್ರ. ತಪ್ಪು ನನ್ನದೇ. 72 ಯಾಕೆ ಸರಿ ಅಂದಿದ್ದೆ, 45 ಯಾಕೆ ತಪ್ಪು ಅಂತ ಹೇಳಿರಲೇ ಇಲ್ಲ.

ಹಳೆಯ ಪ್ರಶ್ನೆಗೇ ವಾಪಸ್ ಬಂದೆವು. ಈ ಸಲ ಪ್ರತಿ ತಪ್ಪು ಆಯ್ಕೆಗೂ ‘ಇದು ಯಾವ ಪ್ರಶ್ನೆಗೆ ಸರಿ ಉತ್ತರ?’ ಅಂತ ಕೇಳಿಕೊಂಡೆವು. 45 ಬರುವುದು 250 ಮೀಟರನ್ನಷ್ಟೇ 20ರಿಂದ ಭಾಗಿಸಿದಾಗ. ಅದು ಕಿಟಕಿ ಪಕ್ಕದವನ ಲೆಕ್ಕ. 27 ಬರುವುದು 150ನ್ನಷ್ಟೇ ಭಾಗಿಸಿದಾಗ. ರೈಲು ದಾಟಿದ್ದು ಬರೀ ಒಂದು ಕಂಬವನ್ನಾಗಿದ್ದರೆ ಅದೇ ಸರಿ. ಇನ್ನು 20 ಅನ್ನುವುದು ಎಲ್ಲ ಸರಿ ಮಾಡಿ, ಕೊನೆಗೆ ಮೀಟರನ್ನು ಕಿ.ಮೀ.ಗೆ ಬದಲಿಸಲು ಮರೆತವರಿಗೆ. ಅವಸರದಲ್ಲಿ ನಾನೂ ಅಲ್ಲೇ ಬೀಳುವವನು.

ಸಾಮಾನ್ಯ ಜ್ಞಾನದಲ್ಲೂ ಇದು ಸ್ವಲ್ಪ ನಡೆಯುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಪಕ್ಕದಲ್ಲೇ 1956 ಇದ್ದರೆ ಅದು ಏಕೀಕರಣದ ವರ್ಷ. ಆದರೆ ಕೆಲವು ಆಯ್ಕೆಗಳು ಜಾಗ ತುಂಬಿಸಲಷ್ಟೇ ಬಂದಿರುತ್ತವೆ. ಎರಡು ನಿಮಿಷ ಹುಡುಕಿದರೂ ದಾರಿ ಸಿಗದಿದ್ದರೆ ನಾವು ಬಿಟ್ಟುಬಿಡುತ್ತೇವೆ. ಇದೆಲ್ಲ ಮನೆಯ ಅಭ್ಯಾಸಕ್ಕೆ; ಪರೀಕ್ಷೆಯ ಹಾಲ್‌ನಲ್ಲಿ ಇಷ್ಟು ಹೊತ್ತು ಎಲ್ಲಿರುತ್ತದೆ?

ಮೊನ್ನೆ ಅಕ್ಕ ಅದೇ ರೈಲಿನ ಪ್ರಶ್ನೆಗೆ 18 ಅಂತ ಹೊಸ ಆಯ್ಕೆ ಸೇರಿಸಿ, ‘ಇದು ಯಾವುದಕ್ಕೆ ಸರಿ ಹೇಳೋ’ ಅಂದಳು. 250ರಲ್ಲಿ 150 ಕಳೆದಿದ್ದಾಳೆ ಅಂತ ಗೊತ್ತಾಯಿತು, ಪ್ರಶ್ನೆ ಮಾತ್ರ ಹೊಳೆಯಲಿಲ್ಲ. ‘ಕೊನೆಯ ಬೋಗಿ ಪ್ಲಾಟ್‌ಫಾರ್ಮಿನ ಒಳಗೆ ಬಂದಾಗಿನಿಂದ ಎಂಜಿನ್ ಆಚೆ ತುದಿ ಮುಟ್ಟುವವರೆಗೆ 20 ಸೆಕೆಂಡು’ ಎಂದು ಅವಳೇ ಹೇಳಿದಳು.