ಕೋಶಪೊರೆಯ ಮೇಲೆ ಪ್ರೋಟೀನುಗಳ ಓಡಾಟ

ಮನುಷ್ಯನ ಒಂದು ಜೀವಕೋಶವನ್ನೂ ಇಲಿಯ ಒಂದು ಜೀವಕೋಶವನ್ನೂ ಬೆಸೆದು ಒಂದೇ ಮಾಡಿದರೆ, ಎರಡರ ಮೈಮೇಲಿದ್ದ ಪ್ರೋಟೀನುಗಳು ಏನಾಗುತ್ತವೆ? ತಂತಮ್ಮ ಕಡೆಯಲ್ಲೇ ಉಳಿಯುತ್ತವೆಯೋ, ಬೆರೆತುಹೋಗುತ್ತವೆಯೋ? 1970ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಫ್ರೈ ಮತ್ತು ಮೈಕೆಲ್ ಎಡಿಡಿನ್ ಈ ಪ್ರಶ್ನೆ ಹಾಕಿಕೊಂಡರು. ಬೆಸೆಯಲು ಅವರು ಬಳಸಿದ್ದು ಸೆಂಡಾಯ್ ಎಂಬ ವೈರಸ್ಸನ್ನು. ಅಕ್ಕಪಕ್ಕದ ಕೋಶಗಳ ಪೊರೆಗಳನ್ನು ಕೂಡಿಸಿಬಿಡುವ ಗುಣ ಅದಕ್ಕಿದೆ. ಇಲಿಯ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಪ್ರತಿಕಾಯ, ಮನುಷ್ಯನ ಪ್ರೋಟೀನಿಗೆ ಕೆಂಪಾಗಿ ಹೊಳೆಯುವ ಪ್ರತಿಕಾಯ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಬೆಸೆದ ಹೊಸದರಲ್ಲಿ ಕೋಶದ ಅರ್ಧ ಹಸಿರು, ಅರ್ಧ ಕೆಂಪು. ದೇಹದ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ 40 ನಿಮಿಷ ಇಟ್ಟು ನೋಡಿದರೆ ಹೆಚ್ಚಿನ ಕೋಶಗಳ ಮೈತುಂಬ ಎರಡೂ ಬಣ್ಣ ಹರಡಿದ್ದವು.

ಅಷ್ಟಕ್ಕೇ ಪ್ರೋಟೀನುಗಳು ತೇಲಿ ಬೆರೆತವು ಎಂದು ಹೇಳಲಾಗದು. ಕೋಶವು ಎರಡೂ ಬಗೆಯ ಪ್ರೋಟೀನನ್ನು ಹೊಸದಾಗಿ ತಯಾರಿಸಿ ಎಲ್ಲೆಡೆ ಹಚ್ಚಿರಬಹುದು. ಅಥವಾ ಶಕ್ತಿ ವ್ಯಯಿಸಿ ಅವನ್ನು ಹೊತ್ತು ಸಾಗಿಸಿರಬಹುದು. ಆದ್ದರಿಂದ ಅವರು ಪ್ರೋಟೀನು ತಯಾರಿಕೆಯನ್ನು ತಡೆಯುವ ಮದ್ದು ಹಾಕಿದರು, ಬೆರಕೆ ನಿಲ್ಲಲಿಲ್ಲ. ಶಕ್ತಿಯ ಪೂರೈಕೆಗೆ ಅಡ್ಡಿ ಮಾಡಿದರು, ಆಗಲೂ ನಿಲ್ಲಲಿಲ್ಲ. ನಿಂತದ್ದು ತಣ್ಣಗೆ ಮಾಡಿದಾಗ. ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದಾಗ ಬಣ್ಣಗಳು ತಂತಮ್ಮ ಅರ್ಧದಲ್ಲೇ ಉಳಿದವು. ಪೊರೆ ಎಂದರೆ ಎರಡು ಸಾಲಾಗಿ ನಿಂತ ಕೊಬ್ಬಿನ ಅಣುಗಳು, ಅಂದರೆ ಲಿಪಿಡ್‌ಗಳು. ಬಿಸಿಯಲ್ಲಿ ಅವು ದ್ರವದಂತೆ ಸರಿದಾಡುತ್ತವೆ, ಪ್ರೋಟೀನುಗಳು ಅವುಗಳ ನಡುವೆ ತೇಲುತ್ತವೆ. ಈ ಪ್ರಯೋಗದಲ್ಲಿ ನನಗೆ ತುಂಬ ಇಷ್ಟವಾಗುವುದು ಬಣ್ಣ ಬೆರೆತ ಚಿತ್ರವಲ್ಲ, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಆ ತಾಳ್ಮೆ. ಎರಡೇ ವರ್ಷಕ್ಕೆ, 1972ರಲ್ಲಿ, ಸಿಂಗರ್ ಮತ್ತು ನಿಕಲ್ಸನ್ ಕೋಶಪೊರೆಯ ದ್ರವ ಮಾದರಿಯನ್ನು ಮಂಡಿಸಿದಾಗ ಇದು ಅವರಿಗೆ ಗಟ್ಟಿ ಆಧಾರವಾಯಿತು.

ಆದರೆ ಎಷ್ಟು ವೇಗ? ಎಲ್ಲವೂ ಓಡಾಡುತ್ತವೆಯೋ, ಕೆಲವು ಮಾತ್ರವೋ? ಇದನ್ನು ಅಳೆಯುವ ವಿಧಾನ 1970ರ ದಶಕದ ನಡುವಿನಲ್ಲಿ ರೂಪುಗೊಂಡಿತು. ಕಾರ್ನೆಲ್ ವಿಶ್ವವಿದ್ಯಾಲಯದ ಆಕ್ಸೆಲ್‌ರಾಡ್, ಎಲ್ಸನ್, ವೆಬ್ ಮತ್ತು ಸಂಗಡಿಗರು 1976ರಲ್ಲಿ ಅದರ ಲೆಕ್ಕಾಚಾರವನ್ನು ಬರೆದಿಟ್ಟರು. ಹೆಸರು ಫ್ರ್ಯಾಪ್. ಹೊಳೆಯುವ ಪ್ರೋಟೀನುಗಳಿಂದ ತುಂಬಿದ ಪೊರೆಯ ಒಂದು ಚುಕ್ಕೆಯ ಮೇಲೆ ಪ್ರಖರ ಲೇಸರನ್ನು ಕ್ಷಣಕಾಲ ಹಾಯಿಸುತ್ತಾರೆ. ಅಲ್ಲಿನ ಬಣ್ಣ ಶಾಶ್ವತವಾಗಿ ಸುಟ್ಟುಹೋಗುತ್ತದೆ. ಪ್ರೋಟೀನುಗಳು ಅಲ್ಲೇ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ಆಮೇಲೆ ಮಂದ ಲೇಸರಿನಲ್ಲಿ ಆ ಕಪ್ಪು ಚುಕ್ಕೆಯನ್ನೇ ನೋಡುತ್ತ ಕೂರುತ್ತಾರೆ. ಸುತ್ತಲಿಂದ ಸುಡದ ಪ್ರೋಟೀನುಗಳು ಒಳಗೆ ತೇಲಿ ಬಂದರೆ ಚುಕ್ಕೆ ಮತ್ತೆ ಬೆಳಗುತ್ತದೆ.

ಒಂದು ಲೆಕ್ಕ ಹಾಕೋಣ. ಚುಕ್ಕೆಯ ತ್ರಿಜ್ಯ 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸುಡುವ ಮುನ್ನ ಬೆಳಕು 100 ಇತ್ತು, ಸುಟ್ಟೊಡನೆ 20ಕ್ಕೆ ಬಿತ್ತು, ನಿಧಾನವಾಗಿ ಏರಿ 76ಕ್ಕೆ ನಿಂತುಬಿಟ್ಟಿತು ಎನ್ನಿ. ಕಳೆದುಕೊಂಡದ್ದು 80, ಮರಳಿ ಬಂದದ್ದು 56. ಅಂದರೆ ಶೇಕಡಾ 70ರಷ್ಟು ಪ್ರೋಟೀನುಗಳು ಓಡಾಡುತ್ತಿವೆ, ಉಳಿದ 30 ಕದಲುತ್ತಿಲ್ಲ. ಬರಬೇಕಾದ 56ರಲ್ಲಿ ಅರ್ಧ ಬರಲು 4 ಸೆಕೆಂಡು ಹಿಡಿದರೆ ಅದರಿಂದ ವೇಗ ಸಿಗುತ್ತದೆ.

ಈ ಏರಿಕೆ ನಿಜವಾಗಿಯೂ ತೇಲಾಟದ್ದೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದು, ರಾಸಾಯನಿಕದಿಂದ ಕೋಶವನ್ನು ಕದಲದಂತೆ ಬಿಗಿದು ಅದೇ ಪ್ರಯೋಗ ಮಾಡುವುದು. ಪ್ರೋಟೀನುಗಳು ಚೆನ್ನಾಗಿ ಬಿಗಿದುಕೊಂಡ ಮೇಲೂ ಚುಕ್ಕೆ ಬೆಳಗಿದರೆ, ಬಣ್ಣವೇ ತಾನಾಗಿ ಚೇತರಿಸಿಕೊಳ್ಳುತ್ತಿದೆ ಎಂದರ್ಥ. ಎರಡನೆಯದು, ಚುಕ್ಕೆಯ ತ್ರಿಜ್ಯವನ್ನು ಎರಡರಷ್ಟು ಮಾಡುವುದು. ಅಡ್ಡಾದಿಡ್ಡಿ ತೇಲಾಟವಾದರೆ ಸಮಯ ನಾಲ್ಕರಷ್ಟಾಗಬೇಕು, ನಮ್ಮ ಲೆಕ್ಕದಲ್ಲಿ 16 ಸೆಕೆಂಡು. ಪ್ರೋಟೀನು ಕೋಶದ ಒಳಗಿನಿಂದ ನೇರವಾಗಿ ಬಂದು ಪೊರೆಗೆ ಅಂಟಿಕೊಳ್ಳುತ್ತಿದ್ದರೆ ಚುಕ್ಕೆಯ ಅಳತೆ ಏನೇ ಇರಲಿ, ಸಮಯ ಬದಲಾಗದು.

ಚುಕ್ಕೆಯ ಅಳತೆ ಬದಲಿಸುವ ಈ ಉಪಾಯದಿಂದಲೇ 1987ರಲ್ಲಿ ಹೊಸ ಸಂಗತಿಯೊಂದು ಹೊರಬಿತ್ತು. ಕಂಡುಕೊಂಡವರು ಅದೇ ಎಡಿಡಿನ್, ಯೆಕಿಯೆಲ್ ಎಂಬ ಸಹೋದ್ಯೋಗಿಯ ಜೊತೆಗೆ. ಚುಕ್ಕೆ ದೊಡ್ಡದಾದಂತೆ ಓಡಾಡುವ ಪ್ರೋಟೀನುಗಳ ಪಾಲು ಕಡಿಮೆಯಾಗುತ್ತ ಬಂತು. ಪೊರೆ ಒಂದೇ ಸಮನಾದ ದ್ರವವಾಗಿದ್ದರೆ ಹೀಗಾಗಬಾರದು. ಅದರಲ್ಲಿ ಮೈಕ್ರಾನಿನಷ್ಟು ಅಗಲದ ಆವರಣಗಳಿದ್ದರೆ ಮಾತ್ರ ಇದು ಸಾಧ್ಯ. ಆವರಣದೊಳಗಿನ ಚಿಕ್ಕ ಚುಕ್ಕೆಯನ್ನು ಸುಟ್ಟರೆ ಅಕ್ಕಪಕ್ಕದವು ಬಂದು ತುಂಬುತ್ತವೆ. ಇಡೀ ಆವರಣವನ್ನೇ ಸುಟ್ಟರೆ ಬರಲು ಯಾರೂ ಉಳಿದಿರುವುದಿಲ್ಲ. ಪೊರೆ ದ್ರವವೆಂದು ತೋರಿಸಿದವರೇ ಅದರೊಳಗಿನ ಬೇಲಿಗಳನ್ನೂ ತೋರಿಸಿದರು.

ಹತ್ತು ವರ್ಷಗಳ ಬಳಿಕ, 1997ರಲ್ಲಿ, ಕೈ ಸೈಮನ್ಸ್ ಮತ್ತು ಎಲಿನಾ ಇಕೋನೆನ್ ಇನ್ನೊಂದು ಬಗೆಯ ವಿಭಾಗವನ್ನು ಮುಂದಿಟ್ಟರು. ಸ್ಫಿಂಗೋಲಿಪಿಡ್ ಎಂಬ ಕೊಬ್ಬಿನ ಅಣುಗಳ ಬಾಲ ಉದ್ದ ಮತ್ತು ನೆಟ್ಟಗೆ. ಕೊಲೆಸ್ಟ್ರಾಲ್ ಜೊತೆಗೂಡಿದಾಗ ಅವು ಒತ್ತೊತ್ತಾಗಿ ಜೋಡಿಕೊಂಡು, ಸುತ್ತಲಿನ ಸಡಿಲ ದ್ರವದಲ್ಲಿ ಚಿಕ್ಕ ತೆಪ್ಪಗಳಂತೆ ತೇಲುತ್ತವೆ, ಕೆಲವು ಪ್ರೋಟೀನುಗಳು ಅವನ್ನೇರುತ್ತವೆ ಎಂಬುದು ಅವರ ವಾದ. ಇವೇ ಲಿಪಿಡ್ ರಾಫ್ಟ್‌ಗಳು.

ಇದ್ದ ಪುರಾವೆಯಲ್ಲಿ ಒಂದು ತೊಡಕಿತ್ತು. ಕೋಶವನ್ನು 4 ಡಿಗ್ರಿಗೆ ತಣಿಸಿ, ಟ್ರೈಟಾನ್ ಎಂಬ ಸೋಪಿನಂಥ ದ್ರಾವಣ ಹಾಕಿದರೆ ಪೊರೆಯ ಒಂದು ಭಾಗ ಕರಗದೆ ಉಳಿಯುತ್ತದೆ. ಅದನ್ನೇ ರಾಫ್ಟ್ ಎಂದು ಕರೆದವರು ಬಹಳ ಮಂದಿ. ಆದರೆ ಚಳಿಗೆ ಹೆಪ್ಪುಗಟ್ಟಿದ ತುಪ್ಪದ ಗಂಟನ್ನು ನೋಡಿ ಬಿಸಿ ತುಪ್ಪದಲ್ಲೂ ಆ ಗಂಟುಗಳಿದ್ದವು ಎನ್ನಲಾಗದು. ಫ್ರ್ಯಾಪ್ ಕೂಡ ನೆರವಾಗಲಿಲ್ಲ. 2004ರಲ್ಲಿ ಆನ್ ಕೆನ್‌ವರ್ದಿ ತಂಡ ಅಳೆದಾಗ ರಾಫ್ಟ್ ಏರುತ್ತವೆ ಎನ್ನಲಾದ ಪ್ರೋಟೀನುಗಳೆಲ್ಲ ಒಂದೇ ವೇಗದಲ್ಲಿ ಚಲಿಸಲಿಲ್ಲ. ಕೊಲೆಸ್ಟ್ರಾಲ್ ತೆಗೆದರೆ ರಾಫ್ಟಿನವೂ ಅಲ್ಲದವೂ ಒಟ್ಟಿಗೇ ನಿಧಾನವಾದವು. ರಾಫ್ಟ್‌ಗಳು ಇದ್ದರೂ ಬಹಳ ಚಿಕ್ಕವು, ಕ್ಷಣಿಕವಾದವು. ಮೈಕ್ರಾನ್ ಅಗಲದ ಚುಕ್ಕೆಗೆ ಅವು ಸಿಕ್ಕುವುದಿಲ್ಲ.

ಇಷ್ಟು ಚಿಕ್ಕದನ್ನು ನೋಡುವ ದಾರಿಯೊಂದು ತೆರೆದದ್ದು ಬೆಂಗಳೂರಿನಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. 1998ರಲ್ಲಿ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್ ಚಲನೆಯನ್ನು ಬಿಟ್ಟು ನೆರೆಹೊರೆಯನ್ನು ಅಳೆದರು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಣ್ಣದ ಅಣುವಿನ ಮೇಲೆ ಹಾಯಿಸಿದರೆ ಅದು ಹೊರಸೂಸುವ ಬೆಳಕಿನಲ್ಲೂ ಆ ದಿಕ್ಕು ಬಹುಮಟ್ಟಿಗೆ ಉಳಿದಿರುತ್ತದೆ. ಕೆಲವೇ ನ್ಯಾನೊಮೀಟರ್ ದೂರದಲ್ಲಿ ಅಂಥದೇ ಇನ್ನೊಂದು ಅಣುವಿದ್ದರೆ ಶಕ್ತಿ ಅದಕ್ಕೆ ದಾಟಿಬಿಡುತ್ತದೆ, ದಿಕ್ಕು ಕಳೆದುಹೋಗುತ್ತದೆ.

ಪ್ರೋಟೀನುಗಳು ಸುಮ್ಮನೆ ಚೆಲ್ಲಾಪಿಲ್ಲಿಯಾಗಿದ್ದರೆ, ಅವು ವಿರಳವಾಗಿರುವ ಕೋಶದಲ್ಲಿ ದಿಕ್ಕು ಉಳಿಯಬೇಕು, ದಟ್ಟವಾಗಿರುವಲ್ಲಿ ಅಳಿಯಬೇಕು. ಕೊಬ್ಬಿನ ಕೊಂಡಿಯಿಂದ ಪೊರೆಗೆ ನೇತುಬಿದ್ದ ಫೋಲೇಟ್ ಗ್ರಾಹಕ ಪ್ರೋಟೀನಿನಲ್ಲಿ ಹಾಗಾಗಲಿಲ್ಲ. ಸಂಖ್ಯೆ ಕಡಿಮೆಯಿದ್ದರೂ ಹೆಚ್ಚಿದ್ದರೂ ಅಳಿದ ಪ್ರಮಾಣ ಒಂದೇ. ಅಂದರೆ ಎಷ್ಟೇ ವಿರಳವಿದ್ದರೂ ಒಂದು ಪಾಲು ಗುಂಪುಗೂಡಿಕೊಂಡೇ ಇದೆ. ಅದೇ ಗ್ರಾಹಕವನ್ನು ಪೊರೆಯ ಆಚೀಚೆ ಚುಚ್ಚಿಕೊಂಡು ನಿಲ್ಲುವ ಕೊಂಡಿಗೆ ಸಿಕ್ಕಿಸಿದಾಗ ಗುಂಪು ಕಾಣಲಿಲ್ಲ. 2004ರ ಅಳತೆಯಲ್ಲಿ ಗುಂಪಿನ ಗಾತ್ರವೂ ಗೊತ್ತಾಯಿತು. ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಅಣು, ಒಟ್ಟು ಅಣುಗಳಲ್ಲಿ ಶೇಕಡಾ 20ರಿಂದ 40 ಮಾತ್ರ ಗುಂಪಿನಲ್ಲಿರುವಂಥವು.

ಕೊಬ್ಬು ತಾನಾಗಿಯೇ ಒಟ್ಟುಗೂಡಿ ಇಷ್ಟು ಪುಟ್ಟ ಗುಂಪುಗಳನ್ನು ಹೀಗೆ ಕಾಪಾಡಿಕೊಳ್ಳುವುದು ಕಷ್ಟ. ಮೇಯರ್ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿ ಮದನ್ ರಾವ್ ಕೂಡಿ ನಡೆಸಿದ ಕೆಲಸದಲ್ಲಿ ಕಂಡದ್ದು, ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಅಣುಗಳನ್ನು ಎಳೆದು ಕೂಡಿಸುತ್ತಿವೆ ಎಂದು. ಆದರೆ ಈ ಪ್ರೋಟೀನುಗಳಿರುವುದು ಪೊರೆಯ ಹೊರಸಾಲಿನಲ್ಲಿ, ಆಕ್ಟಿನ್ ಇರುವುದು ಒಳಗೆ. ನಡುವಿನ ಕೈ ಯಾವುದು ಎಂಬುದಕ್ಕೆ 2015ರಲ್ಲಿ ಉತ್ತರ ಬಂತು. ಒಳಸಾಲಿನ ಫಾಸ್ಫಟಿಡೈಲ್‌ಸೆರೀನ್ ಎಂಬ ಲಿಪಿಡ್ಡಿನ ಉದ್ದನೆಯ ಬಾಲ, ಹೊರಸಾಲಿನ ಕೊಂಡಿಯ ಉದ್ದನೆಯ ಬಾಲವನ್ನು ಪೊರೆಯ ನಡುವೆ ಸಂಧಿಸುತ್ತದೆ. ಬಾಲ ಗಿಡ್ಡವಾದರೆ ಗುಂಪು ಕಟ್ಟುವುದಿಲ್ಲ. ಕೊಲೆಸ್ಟ್ರಾಲ್ ಇಲ್ಲದಿದ್ದರೂ ಕಟ್ಟುವುದಿಲ್ಲ.